ಹೂರಣ ಆರುವ ಹೊತ್ತಿಗೆ ಒಂದು ಜಾಹೀರಾತು

ಬಾಣಲೆಯಲ್ಲಿ ಬೇಳೆ-ಬೆಲ್ಲ ಕುದಿಯುತ್ತಿದೆ. ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ ಹೋಳಿಗೆಯ ವಿಡಿಯೋ ಓಡುತ್ತಿದೆ. "ಈಗ ನೋಡಿ, ಹೂರಣದ ಹದ ಅಂದ್ರೆ..." ಎನ್ನುವಷ್ಟರಲ್ಲಿ ಸಾಲ ಕೊಡುವ ಯಾವುದೋ ಆ್ಯಪ್‌ನ ಜಾಹೀರಾತು ನುಗ್ಗುತ್ತದೆ. ನೋಡುತ್ತಿರುವವರ ಒಂದು ಕೈಯಲ್ಲಿ ಸೌಟು, ಇನ್ನೊಂದಕ್ಕೆ ಬೆಲ್ಲ ಅಂಟಿದೆ. ಐದು ಸೆಕೆಂಡಿಗೆ ‘ಸ್ಕಿಪ್’ ಬಂದರೂ ಒತ್ತುವುದು ಹೇಗೆ? ಜಾಹೀರಾತು ತನ್ನ ಪಾಡಿಗೆ ಪೂರ್ತಿ ಓಡುತ್ತದೆ, ಇತ್ತ ಹೂರಣ ತಳ ಹಿಡಿಯುತ್ತದೆ. ಮುಂದಿನ ಹಬ್ಬಕ್ಕೆ ಆಕೆ ಬೇರೆ ಚಾನೆಲ್ ಹುಡುಕಿಕೊಳ್ಳುತ್ತಾರೆ.

ಆ ಜಾಹೀರಾತನ್ನು ಕಳಿಸಿದ್ದು ಯೂಟ್ಯೂಬ್. ಯಾವ ಜಾಹೀರಾತು ಬರಬೇಕೆಂದು ಆರಿಸುವುದೂ ಅದೇ. ಆದರೆ ಎಲ್ಲಿ ಬರಬಹುದು ಎಂಬುದರಲ್ಲಿ ವಿಡಿಯೋ ಮಾಡಿದವರ ಮಾತೂ ನಡೆಯುತ್ತದೆ. ಬಹಳಷ್ಟು ಜನ ಆ ಮಾತನ್ನು ಆಡುವುದೇ ಇಲ್ಲ. ಅಪ್‌ಲೋಡ್ ಮಾಡಿ, ಜಾಹೀರಾತಿನ ಗುಂಡಿ ಒತ್ತಿ, ಉಳಿದದ್ದನ್ನು ಯಂತ್ರಕ್ಕೆ ಬಿಟ್ಟುಬಿಡುತ್ತಾರೆ.

ವಿಡಿಯೋದ ನಡುವೆ ಬರುವ ಈ ಜಾಹೀರಾತಿಗೆ ಮಿಡ್‌ರೋಲ್ ಎಂದು ಹೆಸರು. 2020ರ ಜುಲೈವರೆಗೆ ಹತ್ತು ನಿಮಿಷ ದಾಟಿದ ವಿಡಿಯೋಗಳಿಗೆ ಮಾತ್ರ ಇದರ ಅವಕಾಶವಿತ್ತು. ಆಮೇಲೆ ಯೂಟ್ಯೂಬ್ ಆ ಮಿತಿಯನ್ನು ಎಂಟು ನಿಮಿಷಕ್ಕೆ ಇಳಿಸಿತು. ಆರು ನಿಮಿಷದಲ್ಲಿ ಮುಗಿಯಬೇಕಾದ ವಿಷಯ ಎಂಟು ನಿಮಿಷ ಹತ್ತು ಸೆಕೆಂಡಿಗೆ ಎಳೆದಂತೆ ಕಂಡರೆ ಕಾರಣ ಇಲ್ಲೇ ಇರಬಹುದು. ವಿಡಿಯೋ ಪುಟದಲ್ಲಿ ಬರುವ ಜಾಹೀರಾತಿನ ಆದಾಯದಲ್ಲಿ ಶೇ 55ರಷ್ಟು ವಿಡಿಯೋ ಮಾಡಿದವರಿಗೆ ಸೇರುತ್ತದೆ. 2023ರ ನವೆಂಬರ್‌ನಿಂದ ವಿಡಿಯೋದ ಆರಂಭ ಮತ್ತು ಕೊನೆಯ ಜಾಹೀರಾತುಗಳನ್ನು ಒಂದೊಂದಾಗಿ ಬೇಕು-ಬೇಡ ಎನ್ನುವ ಆಯ್ಕೆಯನ್ನು ಯೂಟ್ಯೂಬ್ ತೆಗೆದುಹಾಕಿತು. ಸ್ಕಿಪ್ ಮಾಡಬಹುದಾದದ್ದೇ ಬರಲಿ ಎಂದು ಹೇಳುವ ಅವಕಾಶವೂ ಹೋಯಿತು. ಹಾಗಾಗಿ ಜಾಹೀರಾತಿನ ವಿಷಯದಲ್ಲಿ ವಿಡಿಯೋ ಮಾಡುವವರ ಕೈಯಲ್ಲಿ ನಿಜವಾಗಿ ಉಳಿದಿರುವುದು ನಡುವಿನ ಈ ಜಾಗಗಳಷ್ಟೇ.

ಜಾಹೀರಾತು ಕೊಡುವವರಿಗೆ ನಡುವಿನ ಜಾಗವೇ ಪ್ರಿಯ. ಅಕಮಾಯ್ ಜಾಲದ ಮೂಲಕ ಹೋದ ವಿಡಿಯೋ ಜಾಹೀರಾತುಗಳ ಬಗ್ಗೆ 2013ರಲ್ಲಿ ಕೃಷ್ಣನ್ ಮತ್ತು ಸೀತಾರಾಮನ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ನಡುವೆ ಬಂದ ಜಾಹೀರಾತನ್ನು ಶೇ 97ರಷ್ಟು ಸಲ ಜನ ಕೊನೆಯವರೆಗೆ ನೋಡಿದ್ದರು. ಆರಂಭದಲ್ಲಿ ಬಂದದ್ದಕ್ಕೆ ಈ ಪ್ರಮಾಣ ಶೇ 74, ಕೊನೆಯಲ್ಲಿ ಬಂದದ್ದಕ್ಕೆ ಶೇ 45. ಕಾರಣ ಸರಳ. ವಿಡಿಯೋ ಶುರುವಾಗುವ ಮೊದಲು ನೋಡುಗನಿಗೆ ಅದರ ಮೇಲೆ ಇನ್ನೂ ಆಸೆ ಹುಟ್ಟಿರುವುದಿಲ್ಲ, ಮುಗಿದ ಮೇಲೆ ಕೂತಿರಲು ಕಾರಣವಿಲ್ಲ. ನಡುವೆಯಾದರೆ ಕಥೆ ಅರ್ಧ ಕೇಳಿಯಾಗಿದೆ, ಉಳಿದರ್ಧ ಬೇಕು. ಅಂದರೆ ಮಿಡ್‌ರೋಲ್ ಖರ್ಚು ಮಾಡುವುದು ನೋಡುಗನ ಈ ಕುತೂಹಲವನ್ನು. ಅದು ಎಷ್ಟಿದೆ ಎಂದು ತಿಳಿಯದೆ ಖರ್ಚು ಮಾಡಿದರೆ ನೋಡುಗ ಎದ್ದು ಹೋಗುತ್ತಾನೆ.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡಿಸಿಕೊಳ್ಳಬೇಕು. ಯೂಟ್ಯೂಬ್ ಸ್ಟುಡಿಯೋದ ಎಡಿಟರ್‌ನಲ್ಲಿ ನೀವು ಗುರುತು ಹಾಕಿದ ಜಾಗದಲ್ಲೆಲ್ಲ ಎಲ್ಲರಿಗೂ ಜಾಹೀರಾತು ಬರುವುದಿಲ್ಲ. ಗುರುತು ಎಂದರೆ ‘ಇಲ್ಲಿ ಬರಬಹುದು’ ಎಂಬ ಅನುಮತಿ ಮಾತ್ರ. ಆ ವೀಕ್ಷಕ ಈಗತಾನೆ ಒಂದು ಜಾಹೀರಾತು ನೋಡಿದ್ದಾನೆಯೇ, ಅವನಿಗೆ ತೋರಿಸಲು ಹಣ ಕೊಡುವ ಜಾಹೀರಾತುದಾರ ಆ ಗಳಿಗೆಯಲ್ಲಿ ಇದ್ದಾನೆಯೇ ಎಂದೆಲ್ಲ ನೋಡಿ ಯೂಟ್ಯೂಬ್ ನಿರ್ಧರಿಸುತ್ತದೆ. ಪ್ರೀಮಿಯಂ ಚಂದಾ ಕಟ್ಟಿದವರಿಗಂತೂ ಜಾಹೀರಾತೇ ಇಲ್ಲ. ಅವರು ನೋಡಿದ ಹೊತ್ತಿನ ಲೆಕ್ಕದಲ್ಲಿ ಚಂದಾ ಹಣದ ಪಾಲು ಬರುತ್ತದೆ. ಇಪ್ಪತ್ತು ನಿಮಿಷದ ವಿಡಿಯೋಗೆ ಹನ್ನೆರಡು ಗುರುತು ಹಾಕಿದರೆ ಹನ್ನೆರಡು ಪಟ್ಟು ದುಡ್ಡು ಬರುವುದಿಲ್ಲ. ಹನ್ನೆರಡರಲ್ಲಿ ಯಾವುದು ಚಾಲೂ ಆಗಬೇಕು ಎಂಬ ಆಯ್ಕೆಯನ್ನು ನೀವು ಬಿಟ್ಟುಕೊಟ್ಟಂತಾಗುತ್ತದೆ, ಅಷ್ಟೆ. ಮೂರೇ ಒಳ್ಳೆಯ ಜಾಗ ಕೊಟ್ಟರೆ ಅವುಗಳಲ್ಲಿ ಯಾವುದು ಬಂದರೂ ನೋಡುಗ ತಾಳಿಕೊಳ್ಳುತ್ತಾನೆ.

ಹೋಳಿಗೆಯ ವಿಡಿಯೋವನ್ನೇ ತೆಗೆದುಕೊಳ್ಳೋಣ. ಒಟ್ಟು 22 ನಿಮಿಷ. ಮೊದಲ ನಿಮಿಷದಲ್ಲಿ ಬೇಯಿಸಿದ ಹೋಳಿಗೆಯನ್ನು ಹರಿದು ಪದರ ತೋರಿಸುತ್ತಾರೆ, ‘ಹೋಳಿಗೆ ಯಾಕೆ ಒಡೆಯುತ್ತದೆ ಎಂಬುದನ್ನೂ ಹೇಳುತ್ತೇನೆ’ ಎಂದು ಮಾತು ಕೊಡುತ್ತಾರೆ. ಮೂರನೇ ನಿಮಿಷದವರೆಗೆ ಸಾಮಾನು, ಅಳತೆ. ಅಲ್ಲಿಂದ 6:40ರವರೆಗೆ ಕಣಕ ಕಲಸಿ, ನಾದಿ, ಎಣ್ಣೆ ಹಾಕಿ ನೆನೆಯಲು ಬಿಡುವುದು. ಆಮೇಲೆ ಕಡಲೆಬೇಳೆ ಬೇಯಿಸಿ, ಕಟ್ಟು ಬಸಿದು, ಬೆಲ್ಲ ಹಾಕಿ ಕುದಿಸಿ, ರುಬ್ಬಿ ಹೂರಣ ಮಾಡುವುದು. ಇದು 12ನೇ ನಿಮಿಷದ ತನಕ. ನಂತರ ತುಂಬಿ, ತಟ್ಟಿ, ಕಾವಲಿಗೆ ಹಾಕುವುದು. 17:20ಕ್ಕೆ ಮೊದಲ ಹೋಳಿಗೆ ತಟ್ಟೆಗೆ ಬೀಳುತ್ತದೆ. ಉಳಿದ ಭಾಗದಲ್ಲಿ ಒಡೆಯುವ ಹೋಳಿಗೆಯ ಕಾರಣ, ಬಡಿಸುವ ಬಗೆ.

ಇಲ್ಲಿ ಜಾಹೀರಾತಿಗೆ ಜಾಗವನ್ನು ಅಡುಗೆಯೇ ಮಾಡಿಕೊಟ್ಟಿದೆ. ಕಣಕ ನೆನೆಯಬೇಕು, ಹೂರಣ ಆರಬೇಕು. 6:40 ಮತ್ತು 12:05, ಎರಡೂ ಕಡೆ ಒಂದು ಕೆಲಸ ಮುಗಿದಿದೆ, ಇನ್ನೊಂದು ಶುರುವಾಗಿಲ್ಲ. ಜೊತೆಯಲ್ಲೇ ಅಡುಗೆ ಮಾಡುತ್ತಿರುವವರ ಕೈಯೂ ಆಗ ಬಿಡುವಾಗಿರುತ್ತದೆ. ಆದರೆ ಕೆಲಸ ಮುಗಿದಿರುವುದು ಮಾತ್ರ ಸಾಲದು. ಮುಂದೇನು ಎಂಬ ಕುತೂಹಲ ಉಳಿದಿರಬೇಕು. ಮೊದಲ ನಿಮಿಷದಲ್ಲಿ ಕೊಟ್ಟ ಮಾತು ಇನ್ನೂ ಬಾಕಿ ಇದೆ, ಹೋಳಿಗೆ ಇನ್ನೂ ಕಾವಲಿ ಕಂಡಿಲ್ಲ. ಆದ್ದರಿಂದ ನೋಡುಗ ಕೂತಿರುತ್ತಾನೆ.

ಮೂರನೆಯ ಜಾಗ ಕಷ್ಟದ್ದು. ಮೇಲುನೋಟಕ್ಕೆ 17:20 ಎಲ್ಲಕ್ಕಿಂತ ಚೊಕ್ಕ ಜಾಗ: ಹೋಳಿಗೆ ಸಿದ್ಧ, ತುಪ್ಪ ಬಿದ್ದಿದೆ, ಮಾತು ನಿಂತಿದೆ. ನನ್ನ ಪ್ರಕಾರ ಇದೇ ಅತಿ ಕೆಟ್ಟ ಜಾಗ. ವಿಧಾನ ತಿಳಿಯಲು ಬಂದವರಿಗೆ ಇಲ್ಲಿಗೆ ಕೆಲಸ ಮುಗಿಯಿತು, ಜಾಹೀರಾತು ಬರುವುದೇ ಎದ್ದು ಹೋಗಲು ನೆಪ. ಅದರ ಬದಲು ಇನ್ನರ್ಧ ನಿಮಿಷ ಮುಂದೆ ಹೋಗಿ. ಎರಡನೇ ಹೋಳಿಗೆ ಲಟ್ಟಿಸುವಾಗ ಅಂಚಿನಲ್ಲಿ ಹೂರಣ ಹೊರಗೆ ಬರುತ್ತದೆ. "ನೋಡಿ, ಒಡೆಯಿತು. ಇದಕ್ಕೆ ಕಾರಣ ಕಣಕವೋ, ಹೂರಣವೋ?" ಎಂದು ಕೇಳಿ ಅಲ್ಲಿ ನಿಲ್ಲಿಸಿ. 17:50ಕ್ಕೆ ಬಂದ ಜಾಹೀರಾತನ್ನು, ಮನೆಯಲ್ಲಿ ಹೋಳಿಗೆ ಒಡೆಸಿಕೊಂಡವರೆಲ್ಲ ಸಹಿಸುತ್ತಾರೆ. ಜಾಹೀರಾತು ಮುಗಿದ ಕೂಡಲೇ ಉತ್ತರ ಬರಬೇಕು ಎಂಬುದು ಮಾತ್ರ ಷರತ್ತು. ಉತ್ತರವನ್ನು ಇನ್ನೂ ಮೂರು ನಿಮಿಷ ಎಳೆದರೆ ಅದು ಧಾರಾವಾಹಿಯ ಆಟ. ಧಾರಾವಾಹಿಯನ್ನು ಜನ ನಾಳೆಯೂ ನೋಡುತ್ತಾರೆ, ನಿಮ್ಮ ವಿಡಿಯೋದ ಕೆಳಗೆ ಇನ್ನೊಬ್ಬರ ಹೋಳಿಗೆ ಆಗಲೇ ಕಾದಿರುತ್ತದೆ.

ಬಾಕಿ ಉಳಿದ ಪ್ರಶ್ನೆಗೂ ಅರ್ಧಕ್ಕೆ ನಿಂತ ಕೆಲಸಕ್ಕೂ ವ್ಯತ್ಯಾಸವಿದೆ. ಕಾವಲಿಯ ಮೇಲೆ ಹೋಳಿಗೆ ಇರುವಾಗ, ಬೆಲ್ಲ ಹದಕ್ಕೆ ಬರುತ್ತಿರುವಾಗ ನಿಲ್ಲಿಸಿದರೆ ಕುತೂಹಲ ಹುಟ್ಟುವುದಿಲ್ಲ, ಸಿಟ್ಟು ಬರುತ್ತದೆ. ಪ್ರವಾಸದ ವಿಡಿಯೋದಲ್ಲಿ ಬೈಕು ಹೊಳೆ ದಾಟುತ್ತಿರುವಾಗಲೂ ಹೀಗೆಯೇ, ಗಣಿತದ ಪಾಠದಲ್ಲಿ ಲೆಕ್ಕದ ಮೂರನೇ ಸಾಲಿನಲ್ಲೂ ಹೀಗೆಯೇ. ಲೆಕ್ಕದ ಪ್ರಶ್ನೆ ಓದಿ, ‘ನೀವೇ ಒಮ್ಮೆ ಪ್ರಯತ್ನಿಸಿ’ ಎಂದ ಮೇಲೆ ಬಂದ ಜಾಹೀರಾತಿಗೆ ವಿದ್ಯಾರ್ಥಿ ಬೇಸರಪಡುವುದು ಕಡಿಮೆ.

ಇನ್ನು ಯಂತ್ರದ ವಿಷಯ. ಸ್ವಯಂಚಾಲಿತ ವ್ಯವಸ್ಥೆ ಮಾತಿನ ನಿಲುಗಡೆ, ದೃಶ್ಯದ ಬದಲಾವಣೆ ಇಂಥವನ್ನು ನೋಡಿ ಜಾಗ ಹುಡುಕುತ್ತದೆ. 2025ರ ಮೇ 12ರಿಂದ ಯೂಟ್ಯೂಬ್ ಈ ದಿಕ್ಕಿನಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು. ಸಹಜ ವಿರಾಮವಿರುವ ಜಾಗಗಳಲ್ಲಿ ಹೆಚ್ಚು ಜಾಹೀರಾತು ತೋರಿಸುತ್ತೇವೆ, ವಾಕ್ಯದ ನಡುವೆ ಅಥವಾ ದೃಶ್ಯದ ನಡುವೆ ಕೈಯಿಂದ ಹಾಕಿದ ಗುರುತುಗಳಿಗೆ ಆದಾಯ ಕಡಿಮೆಯಾಗಬಹುದು ಎಂದಿತು. ನೀವು ಹಾಕಿದ ಗುರುತು ನೋಡುಗನಿಗೆ ಅಡ್ಡಿಯಾಗುವಂಥದ್ದೇ ಎಂದು ಈಗ ಸ್ಟುಡಿಯೋ ಎಚ್ಚರಿಸುತ್ತದೆ. ಕೈಯಿಂದ ಹಾಕಿದ ಗುರುತಿನ ಜೊತೆಗೆ ಸ್ವಯಂಚಾಲಿತವನ್ನೂ ಬಿಟ್ಟ ಚಾನೆಲ್‌ಗಳಿಗೆ, ಕೈಗುರುತನ್ನೇ ನೆಚ್ಚಿದವರಿಗಿಂತ ಸರಾಸರಿ ಶೇ 5ಕ್ಕೂ ಹೆಚ್ಚು ಜಾಹೀರಾತು ಆದಾಯ ಬಂದಿದೆ ಎಂದು ತನ್ನ ಪ್ರಯೋಗವೊಂದನ್ನೂ ಮುಂದಿಟ್ಟಿತು. ಹೇಳುತ್ತಿರುವುದು ಜಾಹೀರಾತು ಮಾರುವ ಕಂಪನಿಯೇ, ಅದನ್ನು ನೆನಪಿಟ್ಟುಕೊಂಡೇ ಈ ಮಾತನ್ನು ಕೇಳಬೇಕು. ಆದರೂ ತಳ್ಳಿಹಾಕುವಂಥದ್ದಲ್ಲ.

ಯಂತ್ರ ಎಡವುವ ಜಾಗ ಯಾವುದೆಂದರೆ, ಅರ್ಥವಿರುವ ಮೌನ. ನಮ್ಮ ಹೋಳಿಗೆಯ ವಿಡಿಯೋದಲ್ಲಿ ಒಂಬತ್ತನೇ ನಿಮಿಷದಲ್ಲಿ ಅಡುಗೆಯವರು ಮಾತಿಲ್ಲದೆ ಹೂರಣ ತಿರುವುತ್ತಾರೆ ಎಂದುಕೊಳ್ಳಿ. ಧ್ವನಿಯಲ್ಲಿ ಅದು ಬಿಡುವು, ಆದರೆ ನೋಡುಗನಿಗೆ ಅದೇ ಪಾಠ. ತಾಳಮದ್ದಳೆಯ ಮೂರು ಗಂಟೆಯ ದಾಖಲೆಯಲ್ಲಿ ಇದು ಇನ್ನೂ ಸ್ಪಷ್ಟ. ಎದುರಾಳಿಯ ಪ್ರಶ್ನೆಗೆ ಉತ್ತರಿಸುವ ಮೊದಲು ಅರ್ಥಧಾರಿ ಒಂದು ಕ್ಷಣ ಸುಮ್ಮನಿರುತ್ತಾನೆ. ಆ ಮೌನಕ್ಕಾಗಿಯೇ ಸಭೆ ಕಾದಿರುತ್ತದೆ. ಯಂತ್ರಕ್ಕೆ ಅದು ಖಾಲಿ ಜಾಗದಂತೆ ಕಾಣುವ ಸಂಭವ ಹೆಚ್ಚು. ಅಲ್ಲಿ ಸರಿಯಾದ ಜಾಗ, ಒಬ್ಬರ ಅರ್ಥ ಮುಗಿದು ಭಾಗವತರು ಮುಂದಿನ ಪದ್ಯ ಎತ್ತುವ ಮೊದಲು. ಪ್ರಸಂಗ ಗೊತ್ತಿದ್ದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಾಗಾಗಿ ಸ್ವಯಂಚಾಲಿತವನ್ನು ಇಟ್ಟುಕೊಂಡರೂ ಅದು ಹಾಕಿದ ಗುರುತುಗಳನ್ನು ಎಡಿಟರ್‌ನಲ್ಲಿ ಒಂದೊಂದಾಗಿ ಕೇಳಿ, ಕೆಟ್ಟದ್ದನ್ನು ತೆಗೆಯುವುದು ಹತ್ತು ನಿಮಿಷದ ಕೆಲಸ.

ಒಳ್ಳೆಯ ಜಾಗ ಸಿಗುವುದು ಅಪ್‌ಲೋಡ್ ಮಾಡುವಾಗಲ್ಲ, ಚಿತ್ರೀಕರಣಕ್ಕೆ ಮೊದಲೇ. ನಿಲ್ಲಿಸುವ ಕಡೆ ವಾಕ್ಯವನ್ನು ಪೂರ್ತಿ ಮುಗಿಸಿ, ಒಂದೆರಡು ಸೆಕೆಂಡು ಮಾತಿಲ್ಲದೆ ಬಿಡಬೇಕು. ಹಿನ್ನೆಲೆ ಸಂಗೀತವಿದ್ದರೆ ಅದೂ ಅಲ್ಲೇ ಮುಗಿಯಬೇಕು. ಇಲ್ಲದಿದ್ದರೆ ಜಾಹೀರಾತಿನ ಎರಡೂ ಬದಿಯಲ್ಲಿ ರಾಗ ತುಂಡಾಗಿ ಕೇಳುತ್ತದೆ. ಗುರುತನ್ನು ಈ ಖಾಲಿ ಜಾಗದ ಒಳಗೆ ಹಾಕಬೇಕು. ಧ್ವನಿಯ ಅಲೆಯನ್ನು ಎಡಿಟರ್ ತೋರಿಸುವುದರಿಂದ, ಅಲೆ ಚಪ್ಪಟೆಯಾದ ಜಾಗ ಕಣ್ಣಿಗೇ ಕಾಣುತ್ತದೆ. ಅವಸರದಲ್ಲಿ ಅರ್ಧ ಸೆಕೆಂಡು ಆಚೀಚೆಯಾದರೆ ಮುಂದಿನ ವಾಕ್ಯದ ಮೊದಲಕ್ಷರ ಜಾಹೀರಾತಿಗೆ ಮೊದಲೇ ಬಂದು, ಉಳಿದದ್ದು ಆಮೇಲೆ ಬರುತ್ತದೆ. ಎಷ್ಟೋ ವಿಡಿಯೋಗಳಲ್ಲಿ ‘ಈ...’ ಎಂದು ಶುರುವಾಗಿ ಸೋಪಿನ ಜಾಹೀರಾತಿಗೆ ಹೋಗುವುದು ಇದಕ್ಕೇ. ಜಾಹೀರಾತು ಮುಗಿದ ಮೇಲಿನ ಮೊದಲ ವಾಕ್ಯಕ್ಕೂ ಕೆಲಸವಿದೆ. ನೋಡುಗ ಎಲ್ಲಿದ್ದೆವು ಎಂಬುದನ್ನು ಮರೆತಿರುತ್ತಾನೆ. ‘ಹೂರಣ ಆರಿದೆ, ಈಗ ಉಂಡೆ ಕಟ್ಟೋಣ’ ಎಂಬಷ್ಟು ನೆನಪು ಮಾಡಿಕೊಟ್ಟರೆ ಸಾಕು.

ಒಂದು ಎಚ್ಚರಿಕೆ. ವಿಡಿಯೋದೊಳಗೆ ನೀವೇ ‘ಇಂದಿನ ಪ್ರಾಯೋಜಕರು’ ಎಂದು ಒಂದೂವರೆ ನಿಮಿಷ ಎಣ್ಣೆಯ ಬ್ರ್ಯಾಂಡ್ ಬಗ್ಗೆ ಮಾತಾಡಿದ್ದರೆ, ನೋಡುಗನ ಲೆಕ್ಕದಲ್ಲಿ ಅದೂ ಜಾಹೀರಾತೇ. ಅದರ ಬೆನ್ನಿಗೇ ಮಿಡ್‌ರೋಲ್ ಬಂದರೆ ಮೂರು ನಿಮಿಷ ವಿಷಯವೇ ಇಲ್ಲ. ಇವೆರಡರ ನಡುವೆ ಗಟ್ಟಿಯಾದ ಐದಾರು ನಿಮಿಷವಾದರೂ ಇರಲಿ.

ಈಗ ಲೆಕ್ಕಕ್ಕೆ ಬರೋಣ. ಈ ವಿಡಿಯೋವನ್ನು 10,000 ಜನ ಶುರುಮಾಡಿದರು, 6:40ರಲ್ಲಿ 5,000, 12:05ರಲ್ಲಿ 3,800, 17:50ರಲ್ಲಿ 3,000 ಜನ ಉಳಿದಿದ್ದರು ಎಂದಿಟ್ಟುಕೊಳ್ಳಿ. ಮೂರು ಜಾಗ ಸೇರಿ ಜಾಹೀರಾತಿಗೆ 11,800 ಅವಕಾಶ. ಯಾರೋ ಸಲಹೆ ಕೊಡುತ್ತಾರೆ: "ಒಂದೂವರೆ ನಿಮಿಷಕ್ಕೇ ಒಂದು ಹಾಕಿ ಸಾರ್, ಆಗ 7,500 ಜನ ಇರ್ತಾರಲ್ಲ." ಹಾಕಿದಿರಿ. ಅದರಿಂದ ನೂರಕ್ಕೆ ಎಂಟು ಜನ, ಅಂದರೆ 600 ಮಂದಿ ಎದ್ದು ಹೋದರು ಎನ್ನೋಣ. ಮುಂದಿನ ಮೂರು ಜಾಗಗಳ ಅವಕಾಶ 10,856ಕ್ಕೆ ಇಳಿಯುತ್ತದೆ, ಆದರೆ ಹೊಸ 7,500 ಸೇರಿ ಒಟ್ಟು 18,356 ಆಗುತ್ತದೆ. ಕಾಗದದ ಮೇಲೆ ಭರ್ಜರಿ ಲಾಭ.

ಎಲ್ಲರೂ ಮೋಸಹೋಗುವುದು ಇಲ್ಲೇ. ಮೊದಲನೆಯದಾಗಿ, ಒಂದೂವರೆ ನಿಮಿಷದ ಹಿಂದೆಯಷ್ಟೇ ಆರಂಭದ ಜಾಹೀರಾತು ನೋಡಿದವರಲ್ಲಿ ಬಹಳ ಮಂದಿಗೆ ಮತ್ತೊಂದನ್ನು ಯೂಟ್ಯೂಬ್ ತೋರಿಸುವುದೇ ಇಲ್ಲ. 7,500 ಎಂಬುದು ಊದಿಸಿದ ಸಂಖ್ಯೆ. ಎರಡನೆಯದು, ಎದ್ದು ಹೋದ 600 ಜನ ಇದ್ದಿದ್ದರೆ ಈ ಲೆಕ್ಕದ ಪ್ರಕಾರ ತಲಾ ಸುಮಾರು 11 ನಿಮಿಷ ನೋಡುತ್ತಿದ್ದರು. ಒಟ್ಟು 110 ಗಂಟೆ ಹೋಯಿತು. ಜಾಹೀರಾತು ಹಾಕಿದ್ದಕ್ಕೆ ಯೂಟ್ಯೂಬ್ ನಿಮ್ಮ ವಿಡಿಯೋವನ್ನು ಶಿಕ್ಷಿಸುವುದಿಲ್ಲ. ಆದರೆ ಜನ ಬೇಗ ಎದ್ದು ಹೋಗುವ ವಿಡಿಯೋವನ್ನು ಅದು ಇತರರ ಮುಂದೆ ಕಡಿಮೆ ಇಡುತ್ತದೆ. ಮುಂದಿನ ತಿಂಗಳು 10,000 ಬದಲು 8,000 ಜನ ಬಂದರೆ, ಆ ನಷ್ಟ ಜಾಹೀರಾತಿನ ಖಾತೆಯಲ್ಲಿ ಎಲ್ಲೂ ಕಾಣುವುದಿಲ್ಲ.

ಈ ನಷ್ಟ ಎಷ್ಟು ನಿಧಾನ ಎಂಬುದಕ್ಕೆ ವಿಡಿಯೋ ಲೋಕದ ಹೊರಗಿನ ಒಂದು ದೊಡ್ಡ ಪ್ರಯೋಗವಿದೆ. ಅಮೆರಿಕದ ಸಂಗೀತ ಸೇವೆ ಪಂಡೋರಾ ಸುಮಾರು 3.5 ಕೋಟಿ ಕೇಳುಗರನ್ನು ಒಂಬತ್ತು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಪ್ರಮಾಣದ ಜಾಹೀರಾತು ಕೇಳಿಸಿತು, ಅದೂ 21 ತಿಂಗಳು. ಜಾಹೀರಾತು ಹೆಚ್ಚಾದಷ್ಟೂ ಕೇಳುವ ಹೊತ್ತು ಅದೇ ಲೆಕ್ಕದಲ್ಲಿ ನೇರವಾಗಿ ಇಳಿಯಿತು. ಒಂದು ತಿಂಗಳ ಪ್ರಯೋಗದಲ್ಲಿ ಕಾಣುತ್ತಿದ್ದ ನಷ್ಟಕ್ಕಿಂತ 21 ತಿಂಗಳ ಕೊನೆಗೆ ಕಂಡದ್ದು ಮೂರು ಪಟ್ಟು. ಜನ ಜಾಹೀರಾತು ಬಂದ ಕೂಡಲೇ ಜಗಳವಾಡಿ ಹೋಗುವುದಿಲ್ಲ, ಬರುವುದನ್ನು ಮೆಲ್ಲಗೆ ಕಡಿಮೆ ಮಾಡುತ್ತಾರೆ. ಗುರುತು ಹೆಚ್ಚಿಸಿದ ವಾರದ ಆದಾಯ ನೋಡಿ ‘ಏನೂ ಆಗಲಿಲ್ಲವಲ್ಲ’ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ನಿಮ್ಮ ಜಾಗ ಸರಿಯೋ ತಪ್ಪೋ ಎಂದು ತಿಳಿಯಲು ಸ್ಟುಡಿಯೋದಲ್ಲಿ ರಿಟೆನ್ಷನ್ ಗ್ರಾಫ್ ಇದೆ. ಯಾವ ನಿಮಿಷದಲ್ಲಿ ಶೇಕಡ ಎಷ್ಟು ಜನ ನೋಡುತ್ತಿದ್ದರು ಎಂಬ ಗೆರೆ ಅದು. ಗೆರೆ ಇಳಿಯುತ್ತಲೇ ಇರುತ್ತದೆ, ಅದಕ್ಕೆ ಗಾಬರಿ ಬೇಡ. ನೋಡಬೇಕಾದದ್ದು ಇಳಿತದ ಆಕಾರ. ಒಂದೆರಡು ನಿಮಿಷ ಮೊದಲಿನಿಂದಲೇ ಜಾರುತ್ತ ಬಂದು ಜಾಹೀರಾತಿನ ಜಾಗ ದಾಟಿದ್ದರೆ ತಪ್ಪು ವಿಷಯದ್ದು. ಆ ಭಾಗವೇ ಜಾಳಾಗಿದೆ, ಜಾಹೀರಾತು ತೆಗೆದರೂ ಅದು ರಿಪೇರಿಯಾಗುವುದಿಲ್ಲ. ಸಮವಾಗಿ ಹೋಗುತ್ತಿದ್ದ ಗೆರೆ ಗುರುತಿನ ಸೆಕೆಂಡಿನಲ್ಲೇ ಮೆಟ್ಟಿಲಿಳಿದಂತೆ ಕುಸಿದು ಮತ್ತೆ ಏಳದಿದ್ದರೆ, ಅವರು ಜಾಹೀರಾತಿಗೆ ಎದ್ದು ಹೋದವರು. ಕುಸಿದು, ಅರ್ಧ ನಿಮಿಷದಲ್ಲಿ ಮೇಲೆ ಬಂದಿದ್ದರೆ ಯಾರೂ ಹೋಗಿಲ್ಲ, ಆ ತುಣುಕನ್ನು ಹಾರಿಸಿ ಮುಂದಕ್ಕೆ ಹೋಗಿದ್ದಾರೆ ಅಷ್ಟೆ. ಪ್ರೀಮಿಯಂನವರೂ ಜಾಹೀರಾತು ಬೀಳದವರೂ ಇದೇ ಗೆರೆಯಲ್ಲಿ ಬೆರೆತಿರುವುದರಿಂದ, ನಿಜವಾಗಿ ಜಾಹೀರಾತು ನೋಡಿದವರಲ್ಲಿ ಕುಸಿತ ಗೆರೆ ತೋರಿಸುವುದಕ್ಕಿಂತ ಹೆಚ್ಚೇ ಇರುತ್ತದೆ. ಕೆಲವೇ ನೂರು ವೀಕ್ಷಣೆ ಇದ್ದಾಗ ಗೆರೆ ಸುಮ್ಮನೆ ಕುಣಿಯುತ್ತದೆ, ಆಗ ತೀರ್ಮಾನ ಬೇಡ. ಮೆಟ್ಟಿಲು ಕಂಡ ಗುರುತನ್ನು ಹತ್ತಿರದ ಒಳ್ಳೆಯ ವಿರಾಮಕ್ಕೆ ಸರಿಸಿ, ಕೆಲವು ವಾರ ಬಿಟ್ಟು ಸರಿಸಿದ ನಂತರದ ದಿನಗಳನ್ನಷ್ಟೇ ಆರಿಸಿ ನೋಡಿ. ಒಮ್ಮೆಗೆ ಒಂದೇ ಗುರುತು ಬದಲಾಯಿಸಿದರೆ ಯಾವುದರಿಂದ ಏನಾಯಿತು ಎಂಬುದು ತಿಳಿಯುತ್ತದೆ.

ಹಳೆಯ ವಿಡಿಯೋಗಳಿರುವವರಿಗೆ ಕೊನೆಯದಾಗಿ ಒಂದು ಮಾತು. 2025ರ ಫೆಬ್ರುವರಿ 24ಕ್ಕಿಂತ ಮೊದಲು ಹಾಕಿದ, ಕೈಯಿಂದ ಗುರುತಿಟ್ಟ ವಿಡಿಯೋಗಳಿಗೂ, ಬೇಡವೆಂದು ಹೇಳದಿದ್ದರೆ, ಸ್ವಯಂಚಾಲಿತ ಗುರುತುಗಳನ್ನು ಸೇರಿಸುವುದಾಗಿ ಯೂಟ್ಯೂಬ್ ಆಗ ತಿಳಿಸಿತ್ತು. ನಿಮ್ಮ ಚಾನೆಲ್‌ನಲ್ಲಿ ಇಂದಿಗೂ ಹೆಚ್ಚು ಓಡುವ ಮೂರು ಹಳೆಯ ವಿಡಿಯೋಗಳನ್ನು ಈ ವಾರ ಎಡಿಟರ್‌ನಲ್ಲಿ ತೆರೆದು, ಪ್ರತಿ ಗುರುತಿನ ಹಿಂದಿನ ಹತ್ತು ಸೆಕೆಂಡು, ಮುಂದಿನ ಹತ್ತು ಸೆಕೆಂಡು ಕೇಳಿ ನೋಡಿ. ಮಾತಿನ ನಡುವೆ ಬಿದ್ದದ್ದನ್ನು ಅಳಿಸಿಬಿಡಿ.